ಇಸವಿ ಬದಲಾದಾಗ ಹಳೆಯ ಲೇಖನದ ಶೀರ್ಷಿಕೆ ಮತ್ತು ದಿನಾಂಕ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಮತ್ತು ಚಿಕ್ಕಮಗಳೂರಿನಲ್ಲಿ ಸಣ್ಣ ಪ್ರಮಾಣದ ಕನ್ನಡ ಜಾಲತಾಣಗಳನ್ನು ನಡೆಸುವವರು, ಅಂದರೆ ಹೋಂಸ್ಟೇ ಮಾಲೀಕರು, ಕಾಫಿ ಬೆಳೆಗಾರರು, ಸ್ಥಳೀಯ ಸುದ್ದಿ ಬರೆಯುವವರು, ಕೆಲವು ವರ್ಷಗಳಿಂದ ನನ್ನನ್ನು ಕೇಳುತ್ತ ಬಂದಿರುವ ಪ್ರಶ್ನೆಗಳಿವು. ಎಲ್ಲದರ ಮೂಲ ಒಂದೇ: ಗೂಗಲ್‌ನಲ್ಲಿ ಈಗಾಗಲೇ ಮೇಲಿನ ಸ್ಥಾನದಲ್ಲಿರುವ ಲೇಖನವನ್ನು ಹೊಸ ವರ್ಷಕ್ಕೆ ಹೊಂದಿಸುವಾಗ ಆ ಸ್ಥಾನವನ್ನು ಕಳೆದುಕೊಳ್ಳದಿರುವುದು ಹೇಗೆ? ಉತ್ತರಗಳಿಗೆಲ್ಲ ನಾನು ಒಂದೇ ಉದಾಹರಣೆಯನ್ನು ಬಳಸಿದ್ದೇನೆ. ಅದು ಹಾಸನಾಂಬ ದರ್ಶನದ ದಿನಾಂಕ ತಿಳಿಸುವ, ನಾನೇ ನೋಡಿಕೊಳ್ಳುವ ಒಂದು ಪುಟ.

## ಮೊದಲ ಪ್ರಶ್ನೆಗಳು

ಪ್ರತಿ ವರ್ಷ ಹೊಸ ಲೇಖನ ಬರೆಯುವುದು ಒಳ್ಳೆಯದೋ, ಹಳೆಯದನ್ನೇ ತಿದ್ದುವುದು ಒಳ್ಳೆಯದೋ?

ಓದುಗರು ಹುಡುಕುವ ವಿಷಯ ಪ್ರತಿ ವರ್ಷವೂ ಒಂದೇ ಆಗಿದ್ದು, ಅದರ ವಿವರ ಮಾತ್ರ ಬದಲಾಗುವುದಾದರೆ ಹಳೆಯದನ್ನೇ ತಿದ್ದಬೇಕು. ಹಾಸನಾಂಬ ದೇವಾಲಯದ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ತೆರೆಯುತ್ತದೆ, ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುತ್ತದೆ. ಅದು 2023ರಲ್ಲಿ ನವೆಂಬರ್ 2ರಂದು, 2024ರಲ್ಲಿ ಅಕ್ಟೋಬರ್ 24ರಂದು, 2025ರಲ್ಲಿ ಅಕ್ಟೋಬರ್ 9ರಂದು ತೆರೆಯಿತು. ಪ್ರಶ್ನೆ ಪ್ರತಿ ವರ್ಷವೂ ಅದೇ: ಬಾಗಿಲು ಯಾವಾಗ ತೆರೆಯುತ್ತದೆ, ಎಷ್ಟು ದಿನ ದರ್ಶನವಿರುತ್ತದೆ, ಸಾಲು ಎಲ್ಲಿಂದ ಆರಂಭವಾಗುತ್ತದೆ.

ನಾನು ಮೊದಲು ವರ್ಷಕ್ಕೊಂದು ಹೊಸ ಪುಟ ಮಾಡುತ್ತಿದ್ದೆ. 2023ರ ಪುಟಕ್ಕೆ ಊರಿನ ಹಲವರು ತಮ್ಮ ತಾಣಗಳಿಂದ ಲಿಂಕ್ ಕೊಟ್ಟಿದ್ದರು, ಹಾಗಾಗಿ ಅದು ಮೇಲೆ ಬಂದಿತ್ತು. 2024ರಲ್ಲಿ ಬರೆದ ಹೊಸ ಪುಟಕ್ಕೆ ಅಂಥ ಲಿಂಕ್ ಒಂದೂ ಇರಲಿಲ್ಲ. ಜನರು ದಿನಾಂಕ ಹುಡುಕಿದಾಗ ಗೂಗಲ್ ಹಳೆಯ ಪುಟವನ್ನೇ ಮುಂದಿಟ್ಟಿತು, ಹೊಸದು ಅದರ ಹಿಂದೆ ಎಲ್ಲೋ ಉಳಿಯಿತು. ಇದರ ಪರಿಣಾಮ ಕೇವಲ ನಮ್ಮ ತಾಣದ ಅಂಕಿಸಂಖ್ಯೆಗಲ್ಲ. 2024ರ ದಿನಾಂಕವಿರುವ ಪುಟವನ್ನು ನಂಬಿ ಯಾರಾದರೂ 2025ರ ಅಕ್ಟೋಬರ್ 24ರಂದು ಹಾಸನಕ್ಕೆ ಬಂದಿದ್ದರೆ, ಹಿಂದಿನ ದಿನವಷ್ಟೇ ಬಾಗಿಲು ಮುಚ್ಚಿರುತ್ತಿತ್ತು. ಆದ್ದರಿಂದ ಒಂದು ಪ್ರಶ್ನೆಗೆ ಒಂದೇ ಪುಟ, ಒಂದೇ ವಿಳಾಸ ಎಂಬ ಕ್ರಮಕ್ಕೆ ಬಂದೆ.

ಆದರೆ ಒಂದು ವರ್ಷದ ಘಟನೆಯೇ ವಿಷಯವಾಗಿರುವ ಬರಹಕ್ಕೆ ಇದು ಅನ್ವಯಿಸುವುದಿಲ್ಲ. ಆ ವರ್ಷದ ಉತ್ಸವದ ವರದಿ ಆ ವರ್ಷದ್ದಾಗಿಯೇ ಪ್ರತ್ಯೇಕ ಪುಟದಲ್ಲಿ ಉಳಿಯಬೇಕು.

ಶೀರ್ಷಿಕೆಯಲ್ಲಿ ಇಸವಿ ಹಾಕಲೇಬೇಕಾ? ಹಾಕಿದರೆ ಬೇಗ ಮೇಲೆ ಬರುತ್ತದಂತಲ್ಲ?

ಇಸವಿಯನ್ನು ಹಾಕಿದ ಮಾತ್ರಕ್ಕೆ ಪುಟ ಮೇಲೆ ಬರುವುದಿಲ್ಲ. ಓದುಗನಿಗೆ ಇಸವಿಯಿಂದ ಉತ್ತರ ಬದಲಾಗುತ್ತದೆಯೇ ಎಂಬುದೊಂದೇ ಇಲ್ಲಿ ಕೇಳಿಕೊಳ್ಳಬೇಕಾದದ್ದು. ಹಾಸನಾಂಬ ದರ್ಶನಕ್ಕೆ ಬದಲಾಗುತ್ತದೆ. ಕಾಫಿ ತೋಟದಲ್ಲಿ ನೆರಳಿನ ಮರಗಳ ಕೊಂಬೆ ಸವರುವ, ಅಂದರೆ ಮರಗಸಿ ಮಾಡುವ ವಿಧಾನಕ್ಕೆ ಬದಲಾಗುವುದಿಲ್ಲ. ಚಿಕ್ಕಮಗಳೂರಿನ ಬೆಳೆಗಾರರೊಬ್ಬರು ತಮ್ಮ ಮರಗಸಿ ಲೇಖನದ ಶೀರ್ಷಿಕೆಗೆ ಇಸವಿ ಸೇರಿಸಿದ್ದರು. ಮರುವರ್ಷ ಅದನ್ನು ಬದಲಿಸಲು ಮರೆತಾಗ, ಹಳೆಯದಾಗದ ಮಾಹಿತಿಯೂ ಹಳೆಯದೆಂಬಂತೆ ಕಾಣತೊಡಗಿತು. ಅಂಥ ಕಡೆ ಇಸವಿಯನ್ನು ತೆಗೆದುಬಿಡುವುದೇ ಸರಿ.

ಸಂದೇಹವಿದ್ದರೆ, ತಾಣ ನಡೆಸುವವರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನವನ್ನು ತೆರೆದು, ಆ ಒಂದು ಪುಟಕ್ಕೆ ಜನರು ಯಾವ ಪದಗಳಿಂದ ಬಂದಿದ್ದಾರೆ ಎಂಬ ಪಟ್ಟಿಯಲ್ಲಿ `202` ಎಂದು ಸೋಸಿ ನೋಡಿ. ಜನರೇ ಇಸವಿ ಸೇರಿಸಿ ಹುಡುಕುತ್ತಿದ್ದರೆ ಶೀರ್ಷಿಕೆಯಲ್ಲೂ ಇರಲಿ.

ನಮ್ಮ ಲೇಖನದ ವಿಳಾಸದಲ್ಲೇ 2023 ಅಂತ ಇದೆ. ಈಗ ಅದನ್ನು ತೆಗೆಯಬಹುದಾ?

ತೆಗೆಯಬಹುದು, ಆದರೆ ಒಂದೇ ಒಂದು ಸಲ, ಮತ್ತೆಂದೂ ಬದಲಿಸಬೇಕಾಗದ ವಿಳಾಸಕ್ಕೆ. ಹಳೆಯ ವಿಳಾಸಕ್ಕೆ ಬಂದವರನ್ನೂ ಗೂಗಲ್‌ನ ಯಂತ್ರವನ್ನೂ ಹೊಸ ವಿಳಾಸಕ್ಕೆ ಶಾಶ್ವತವಾಗಿ ಕಳುಹಿಸುವ 301 ರೀಡೈರೆಕ್ಟ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಅಪಾಚೆ ಸರ್ವರ್‌ನಲ್ಲಿ `.htaccess` ಕಡತಕ್ಕೆ ನಾನು ಸೇರಿಸಿದ ಸಾಲುಗಳು ಇವು:

```
Redirect 301 /hasanamba-darshana-2023/ /hasanamba-darshana/
Redirect 301 /hasanamba-darshana-2024/ /hasanamba-darshana/
```

ಎರಡು ಹಳೆಯ ಪುಟಗಳೂ ನೇರವಾಗಿ ಹೊಸದಕ್ಕೆ ಹೋಗುತ್ತವೆ ಎಂಬುದನ್ನು ಗಮನಿಸಿ. 2023ರದ್ದನ್ನು 2024ಕ್ಕೂ, ಅಲ್ಲಿಂದ ಹೊಸದಕ್ಕೂ ಸರಪಳಿಯಂತೆ ಕಳುಹಿಸುವುದು ಅನಗತ್ಯ. ಇದಾದ ಮೇಲೆ ನಿಮ್ಮದೇ ತಾಣದ ಒಳಗಿನ ಲಿಂಕ್‌ಗಳನ್ನು ಹೊಸ ವಿಳಾಸಕ್ಕೆ ತಿದ್ದಿ. ರೀಡೈರೆಕ್ಟ್ ಅನ್ನು ಕನಿಷ್ಠ ಒಂದು ವರ್ಷ ಉಳಿಸಬೇಕೆಂದು ಗೂಗಲ್ ಹೇಳುತ್ತದೆ. ಹಳೆಯ ಲಿಂಕ್‌ಗಳು ಬೇರೆಯವರ ತಾಣಗಳಲ್ಲಿ ಇರುವವರೆಗೂ ನಾನು ಅದನ್ನು ತೆಗೆಯುವುದಿಲ್ಲ.

ಹಳೆಯ ಪುಟಗಳ ವಿಷಯ ಹೊಸ ಪುಟದಲ್ಲಿ ಇರಬೇಕೆಂಬುದು ಮುಖ್ಯ. ಅವೆಲ್ಲವನ್ನೂ ಮುಖಪುಟಕ್ಕೆ ಕಳುಹಿಸಿದರೆ, ಬೇಕಾದದ್ದು ಅಲ್ಲಿಲ್ಲವೆಂದು ಗೂಗಲ್ ಆ ರೀಡೈರೆಕ್ಟನ್ನು ಇಲ್ಲದ ಪುಟವೆಂದೇ ಪರಿಗಣಿಸಬಹುದು.

## ಶೀರ್ಷಿಕೆ ಮತ್ತು ದಿನಾಂಕದ ಬಗ್ಗೆ

ಶೀರ್ಷಿಕೆ ಮುಟ್ಟಿದರೆ ಸ್ಥಾನ ಬಿದ್ದುಹೋಗುತ್ತದೆ ಅಂತಾರೆ, ನಿಜವಾ?

ಇಸವಿಯನ್ನು ಮಾತ್ರ ಬದಲಿಸಿದ್ದರಿಂದ ಸ್ಥಾನ ಬಿದ್ದದ್ದನ್ನು ನಾನು ಕಂಡಿಲ್ಲ. ಬೀಳುವುದು ಸಾಮಾನ್ಯವಾಗಿ ಇಸವಿಯ ನೆಪದಲ್ಲಿ ಉಳಿದ ಪದಗಳನ್ನೂ ಬದಲಿಸಿದಾಗ. ‘ಹಾಸನಾಂಬ ದರ್ಶನ 2024: ದಿನಾಂಕ, ಸಮಯ, ಸಾಲಿನ ವ್ಯವಸ್ಥೆ’ ಎಂಬುದು ‘ಹಾಸನಾಂಬ ದರ್ಶನ 2025: ದಿನಾಂಕ, ಸಮಯ, ಸಾಲಿನ ವ್ಯವಸ್ಥೆ’ ಎಂದಾಗಲಿ. ಅದನ್ನು ‘ಈ ಬಾರಿಯ ದೇವಿಯ ದರ್ಶನಕ್ಕೆ ಸಂಪೂರ್ಣ ಕೈಪಿಡಿ’ ಎಂದು ಚೆಂದಗೊಳಿಸಿದರೆ ಜನರು ಹುಡುಕುವ ‘ಹಾಸನಾಂಬ’ ಎಂಬ ಹೆಸರೇ ಶೀರ್ಷಿಕೆಯಿಂದ ಮಾಯವಾಗುತ್ತದೆ.

ಶೀರ್ಷಿಕೆ ಎಂಬುದು ಒಂದೇ ಕಡೆ ಇರುವುದಿಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ಬ್ರೌಸರ್‌ನ ಟ್ಯಾಬ್‌ನಲ್ಲಿ ಕಾಣುವ `<title>`, ಪುಟದ ಮೇಲ್ಭಾಗದ `<h1>`, ವಾಟ್ಸ್‌ಆ್ಯಪ್‌ನಲ್ಲಿ ಹಂಚಿದಾಗ ಬರುವ `og:title`, ಈ ಮೂರರಲ್ಲೂ ಇಸವಿ ಒಂದೇ ಆಗಿರಬೇಕು. `<title>`ನಲ್ಲಿ ಹಳೆಯ ಇಸವಿ, `<h1>`ನಲ್ಲಿ ಹೊಸದು ಇದ್ದರೆ, ಗೂಗಲ್ ನಿಮ್ಮ ಶೀರ್ಷಿಕೆಯನ್ನು ಹಳಸಿದ್ದೆಂದು ಭಾವಿಸಿ ತಾನೇ ಬೇರೊಂದನ್ನು ಕಟ್ಟಿ ತೋರಿಸಬಹುದು. ಈ ಸಂದರ್ಭವನ್ನು ಅದು 2021ರಲ್ಲೇ ಉದಾಹರಣೆ ಸಹಿತ ವಿವರಿಸಿದೆ. ನಮ್ಮ ಊರಿನಲ್ಲಿ ಇಂಥ ಲಿಂಕ್‌ಗಳು ಹರಡುವುದು ಹೆಚ್ಚಾಗಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ. `og:title` ತಿದ್ದದೆ ಬಿಟ್ಟರೆ, ಪುಟದ ಒಳಗೆಲ್ಲ ಸರಿಯಿದ್ದರೂ ಗುಂಪಿನಲ್ಲಿ ಹಳೆಯ ಇಸವಿಯೇ ಕಂಡು ಜನರು ತೆರೆಯದೆ ಮುಂದೆ ಹೋಗುತ್ತಾರೆ. ಲೇಖನದ ಮೇಲ್ಭಾಗದ ಚಿತ್ರದ ಮೇಲೆ ಇಸವಿ ಬರೆದಿದ್ದರೆ ಅದನ್ನೂ ಬದಲಿಸಬೇಕು, ಇಲ್ಲವೇ ಚಿತ್ರದ ಮೇಲೆ ಇಸವಿ ಬರೆಯುವ ಅಭ್ಯಾಸವನ್ನೇ ಬಿಡಬೇಕು.

ಇಸವಿ ತಾನಾಗಿಯೇ ಬದಲಾಗುವ ಹಾಗೆ ಮಾಡಬಹುದಂತಲ್ಲ, ಅದು ಸುಲಭ ಅಲ್ಲವೇ?

ಯೋಸ್ಟ್ ಎಂಬ ವರ್ಡ್‌ಪ್ರೆಸ್ ಪ್ಲಗಿನ್‌ನಲ್ಲಿ ಶೀರ್ಷಿಕೆಯ ಜಾಗದಲ್ಲಿ `%%currentyear%%` ಎಂದು ಬರೆದರೆ ಜನವರಿ 1ರಂದು ಇಸವಿ ತಾನೇ ಬದಲಾಗುತ್ತದೆ. ಹಾಸನಾಂಬ ಪುಟದಂಥದ್ದಕ್ಕೆ ಇದನ್ನು ಬಳಸಬೇಡಿ ಎಂದು ಒತ್ತಿ ಹೇಳುತ್ತೇನೆ. ಆ ಬೆಳಗ್ಗೆ ಶೀರ್ಷಿಕೆ ಹೊಸ ವರ್ಷವನ್ನು ಹೇಳುತ್ತದೆ, ಕೆಳಗಿನ ದಿನಾಂಕ ಹಳೆಯ ವರ್ಷದ್ದಾಗಿ ಉಳಿಯುತ್ತದೆ. ಓದುಗನಿಗೆ ಅದು ಸುಳ್ಳು ಮಾಹಿತಿ. ಶೀರ್ಷಿಕೆಯ ಇಸವಿ ಒಳಗಿನ ಮಾಹಿತಿಯನ್ನು ಹಿಂಬಾಲಿಸಬೇಕೇ ಹೊರತು ಕ್ಯಾಲೆಂಡರನ್ನಲ್ಲ.

ಒಳಗೆ ಏನೂ ಬದಲಿಸದೆ ದಿನಾಂಕ ಮಾತ್ರ ಇವತ್ತಿನದು ಮಾಡಿದರೆ ಸಾಲದಾ?

ಸಾಲದು. ವಿಷಯ ಹೆಚ್ಚೇನೂ ಬದಲಾಗದಿದ್ದರೂ ಹೊಸದಾಗಿ ಕಾಣಲೆಂದು ದಿನಾಂಕ ಬದಲಿಸುತ್ತಿದ್ದೀರಾ ಎಂಬುದು, ತಾಣ ನಡೆಸುವವರು ತಮ್ಮನ್ನೇ ಕೇಳಿಕೊಳ್ಳಬೇಕೆಂದು ಗೂಗಲ್ ಕೊಟ್ಟಿರುವ ಪ್ರಶ್ನೆಗಳಲ್ಲೊಂದು. ಅಲ್ಲಿ ‘ಹೌದು’ ಎಂಬ ಉತ್ತರ ಎಚ್ಚರಿಕೆಯ ಸೂಚನೆ.

ಹಾಗಾದರೆ ಎಷ್ಟು ಬದಲಿಸಿದರೆ ದಿನಾಂಕ ಬದಲಿಸಬಹುದು? ಇದಕ್ಕೆ ಶೇಕಡಾವಾರು ಅಳತೆಯಿಲ್ಲ. ನಾನು ಅನುಸರಿಸುವ ಪರೀಕ್ಷೆ ಸರಳವಾದದ್ದು: ಕಳೆದ ವರ್ಷ ಈ ಪುಟ ಓದಿದವರು ಈಗ ಮತ್ತೆ ಓದಿದರೆ ಅವರು ಮಾಡುವ ಕೆಲಸದಲ್ಲಿ ವ್ಯತ್ಯಾಸವಾಗುತ್ತದೆಯೇ? ಬಾಗಿಲು ತೆರೆಯುವ ದಿನ, ಸಾರ್ವಜನಿಕ ದರ್ಶನವಿಲ್ಲದ ದಿನಗಳು, ವಿಶೇಷ ದರ್ಶನದ ಟಿಕೆಟ್ ದರ, ವಾಹನ ನಿಲುಗಡೆಯ ಜಾಗ, ಇವುಗಳಲ್ಲಿ ಒಂದು ಬದಲಾದರೂ ಪರಿಷ್ಕರಣೆಯ ದಿನಾಂಕ ಬದಲಾಗಬೇಕು. ಕಾಗುಣಿತ ತಿದ್ದಿದ್ದಕ್ಕೆ, ಒಂದು ಚಿತ್ರ ಸೇರಿಸಿದ್ದಕ್ಕೆ ಬದಲಿಸುವುದಿಲ್ಲ.

ಪ್ರಕಟಿಸಿದ ದಿನಾಂಕ ತೋರಿಸಬೇಕೋ, ತಿದ್ದಿದ ದಿನಾಂಕವೋ? ಗೂಗಲ್ ನಮ್ಮ ಪುಟದ ಪಕ್ಕ ಯಾವುದೋ ಬೇರೆ ದಿನಾಂಕ ತೋರಿಸುತ್ತಿದೆ.

ಹುಡುಕಾಟದ ಫಲಿತಾಂಶದಲ್ಲಿ ಯಾವ ದಿನಾಂಕ ಕಾಣಬೇಕೆಂದು ಗೂಗಲ್ ಒಂದೇ ಗುರುತಿನಿಂದ ತೀರ್ಮಾನಿಸುವುದಿಲ್ಲ. ಪುಟದಲ್ಲಿ ಕಾಣುವುದು, ಪುಟದ ಒಳಗಿನ ಸಂಕೇತದಲ್ಲಿ, ಅಂದರೆ ಕೋಡ್‌ನಲ್ಲಿ ಇರುವುದು ಎಲ್ಲವನ್ನೂ ನೋಡಿ ಊಹಿಸುತ್ತದೆ. ನಮ್ಮ ಪುಟದಲ್ಲಂತೂ ದಿನಾಂಕಗಳೇ ತುಂಬಿರುತ್ತವೆ. ಒಮ್ಮೆ ಬಾಗಿಲು ತೆರೆಯುವ ದಿನವನ್ನೇ ಲೇಖನದ ದಿನಾಂಕವೆಂದು ಅದು ತೋರಿಸಿತ್ತು. ಶೀರ್ಷಿಕೆಯ ಕೆಳಗೆ ಲೇಖನದ ದಿನಾಂಕವನ್ನೇ ನಾನು ಬರೆದಿರಲಿಲ್ಲ, ಹಾಗಾಗಿ ಪುಟದಲ್ಲಿ ಮೊದಲು ಸಿಕ್ಕ ದಿನಾಂಕ ಅದಾಗಿತ್ತು.

ಅದಾದ ಮೇಲೆ ಶೀರ್ಷಿಕೆಯ ಕೆಳಗೇ ಪರಿಷ್ಕರಣೆಯ ದಿನಾಂಕದ ಒಂದೇ ಸಾಲು ಇಟ್ಟೆ, 2025ರ ದರ್ಶನದ ಹೊತ್ತಿಗೆ ಅದು ‘ಪರಿಷ್ಕರಿಸಿದ್ದು: 4 ಅಕ್ಟೋಬರ್ 2025’ ಎಂದಿತ್ತು. ಮೊದಲ ಪ್ರಕಟಣೆಯ ದಿನಾಂಕ ಲೇಖನದ ಕೊನೆಯಲ್ಲಿದೆ. ಸಂಕೇತದಲ್ಲಿ ಆಗ ಎರಡೂ ಹೀಗಿದ್ದವು:

```
{
  "@context": "https://schema.org",
  "@type": "Article",
  "headline": "ಹಾಸನಾಂಬ ದರ್ಶನ 2025: ದಿನಾಂಕ, ಸಮಯ, ಸಾಲಿನ ವ್ಯವಸ್ಥೆ",
  "datePublished": "2023-10-12T09:00:00+05:30",
  "dateModified": "2025-10-04T18:30:00+05:30"
}
```

`datePublished` ಮೊದಲ ಸಲ ಪ್ರಕಟವಾದ ದಿನವೇ ಆಗಿ ಉಳಿಯುತ್ತದೆ, ಪ್ರತಿ ವರ್ಷ ಬದಲಾಗುವುದು `dateModified` ಮಾತ್ರ. ಕೊನೆಯಲ್ಲಿರುವ `+05:30` ಭಾರತೀಯ ಕಾಲಮಾನದ ಗುರುತು. ಇವೆರಡರಲ್ಲೂ ಮುಂದಿನ ದಿನಾಂಕವನ್ನು, ಅಂದರೆ ಉತ್ಸವ ನಡೆಯಲಿರುವ ದಿನವನ್ನು ಎಂದೂ ಬರೆಯಬಾರದು. ಪುಟದಲ್ಲಿ ಕಾಣುವ ದಿನಾಂಕವೂ ಸಂಕೇತದ ದಿನಾಂಕವೂ ಒಂದಕ್ಕೊಂದು ಹೊಂದಿರಬೇಕು.

ವರ್ಡ್‌ಪ್ರೆಸ್‌ನಲ್ಲಿ ಪ್ರಕಟಣೆಯ ದಿನಾಂಕ ಬದಲಿಸಿದೆ, ಹಳೆಯ ಲಿಂಕ್ ಒತ್ತಿದರೆ ಲೇಖನವೇ ಸಿಗುತ್ತಿಲ್ಲ. ಯಾಕೆ?

ನಿಮ್ಮ ತಾಣದ ವಿಳಾಸದ ರಚನೆಯಲ್ಲಿ ದಿನಾಂಕ ಸೇರಿಕೊಂಡಿರುವುದೇ ಕಾರಣ. ಸೆಟ್ಟಿಂಗ್ಸ್‌ನ ಪರ್ಮಾಲಿಂಕ್ ವಿಭಾಗದಲ್ಲಿ ಈ ಮಾದರಿ ಇದೆಯೇ ನೋಡಿ:

```
/%year%/%monthnum%/%postname%/
```

ಇದ್ದರೆ, ಪ್ರಕಟಣೆಯ ದಿನಾಂಕವನ್ನು 2024ರಿಂದ 2025ಕ್ಕೆ ಸರಿಸಿದ ಕ್ಷಣವೇ ಪುಟದ ವಿಳಾಸವೂ ಬದಲಾಗುತ್ತದೆ. ಹಳೆಯ ವಿಳಾಸದಿಂದ ಹೊಸದಕ್ಕೆ ಕಳುಹಿಸಲು ವರ್ಡ್‌ಪ್ರೆಸ್ ತಾನೇ ಪ್ರಯತ್ನಿಸುತ್ತದೆಯಾದರೂ, ವರ್ಷ ವರ್ಷವೂ ವಿಳಾಸ ಬದಲಾಗುವ ಪುಟವನ್ನು ಆ ಏರ್ಪಾಡಿನ ಮೇಲೆ ಬಿಡುವುದು ಸರಿಯಲ್ಲ. ಈಗ ಮಾಡಬೇಕಾದದ್ದು ಇಷ್ಟು: ಪ್ರಕಟಣೆಯ ದಿನಾಂಕವನ್ನು ಮೊದಲಿದ್ದಂತೆ ಮಾಡಿ, ಹಳೆಯ ಲಿಂಕ್ ತೆರೆಯುತ್ತದೆಯೇ ಪರೀಕ್ಷಿಸಿ, ನಂತರ ಥೀಮ್‌ನಲ್ಲಿ ಪ್ರಕಟಣೆಯ ದಿನಾಂಕದ ಬದಲು ಪರಿಷ್ಕರಣೆಯ ದಿನಾಂಕ ಕಾಣುವಂತೆ ಮಾಡಿ. ಅದಕ್ಕೆ `get_the_modified_date()` ಎಂಬುದನ್ನು ಬಳಸಲಾಗುತ್ತದೆ. ಆದರೆ ಕಾಗುಣಿತ ತಿದ್ದಿ ಉಳಿಸಿದರೂ ಆ ದಿನಾಂಕ ಬದಲಾಗುತ್ತದೆ ಎಂಬುದು ನೆನಪಿರಲಿ.

## ಅನುಭವವಿರುವವರು ಕೇಳುವ ಪ್ರಶ್ನೆಗಳು

ಯಾವಾಗ ಬದಲಿಸಬೇಕು? ಮುಂದಿನ ವರ್ಷದ ದಿನಾಂಕ ಪ್ರಕಟವಾಗದಿದ್ದಾಗ ಶೀರ್ಷಿಕೆಯಲ್ಲಿ ಏನಿರಬೇಕು?

ಕಷ್ಟವಾದ ಪ್ರಶ್ನೆ ಇದೇ. ದೇವಾಲಯದ ಬಾಗಿಲು ಮುಚ್ಚಿದ ಮರುದಿನದಿಂದಲೇ ಕೆಲವರು ಮುಂದಿನ ವರ್ಷದ ದಿನ ಹುಡುಕತೊಡಗುತ್ತಾರೆ, ಆದರೆ ಆಗ ಜಿಲ್ಲಾಡಳಿತದ ಪ್ರಕಟಣೆ ಇರುವುದಿಲ್ಲ. ನಾನು ಮೂರು ಹಂತದಲ್ಲಿ ಈ ಪುಟವನ್ನು ನಡೆಸುತ್ತೇನೆ.

ಬಾಗಿಲು ಮುಚ್ಚಿದ ವಾರದಲ್ಲಿ ಶೀರ್ಷಿಕೆಯಿಂದ ಇಸವಿಯನ್ನು ತೆಗೆದು, ‘ಹಾಸನಾಂಬ ದರ್ಶನ: ದಿನಾಂಕ, ಸಮಯ, ಸಾಲಿನ ವ್ಯವಸ್ಥೆ’ ಎಂದಷ್ಟೇ ಉಳಿಸುತ್ತೇನೆ. ಮೊದಲ ಪ್ಯಾರಾದಲ್ಲಿ ಈ ವರ್ಷದ ದರ್ಶನ ಮುಗಿದಿದೆ ಎಂದು ಬರೆಯುತ್ತೇನೆ. ಎರಡನೆಯ ಹಂತ, ಹೊಸ ವರ್ಷದ ಪಂಚಾಂಗ ಕೈಗೆ ಬಂದಾಗ. ಹುಣ್ಣಿಮೆಯ ನಂತರದ ಗುರುವಾರವೆಂಬ ನಿಯಮ ಗೊತ್ತಿರುವುದರಿಂದ ದಿನವನ್ನು ಲೆಕ್ಕ ಹಾಕಬಹುದು. ಆಗ ಶೀರ್ಷಿಕೆಗೆ ಇಸವಿ ಬರುತ್ತದೆ, ಒಳಗೆ ಆ ದಿನವನ್ನು ‘ಪಂಚಾಂಗದ ಪ್ರಕಾರ ನಿರೀಕ್ಷಿತ, ಜಿಲ್ಲಾಡಳಿತದ ಪ್ರಕಟಣೆ ಬಾಕಿ’ ಎಂದು ದಿನಾಂಕದ ಪಕ್ಕದಲ್ಲೇ ಬರೆಯುತ್ತೇನೆ. ಮೂರನೆಯದು ಅಧಿಕೃತ ಪ್ರಕಟಣೆ ಬಂದ ದಿನ. ಆ ಸಂಜೆಯೇ ದಿನ, ಸಮಯ, ಟಿಕೆಟ್ ವಿವರಗಳನ್ನು ಸೇರಿಸಿ ‘ನಿರೀಕ್ಷಿತ’ ಎಂಬುದನ್ನು ತೆಗೆಯುತ್ತೇನೆ. ಹೀಗೆ ವರ್ಷಕ್ಕೆ ಮೂರು ಪರಿಷ್ಕರಣೆಗಳು, ಮೂರಕ್ಕೂ ನಿಜವಾದ ಕಾರಣವಿದೆ, ಮೂರು ಸಲವೂ `dateModified` ಬದಲಾಗುತ್ತದೆ.

ಹಳೆಯ ವರ್ಷಗಳ ಮಾಹಿತಿಯನ್ನು ಪೂರ್ತಿ ಅಳಿಸಿಬಿಡಬೇಕಾ?

ಪೂರ್ತಿ ಅಳಿಸಬೇಡಿ. ಹಿಂದಿನ ವರ್ಷಗಳಲ್ಲಿ ಬಾಗಿಲು ತೆರೆದ ದಿನಗಳನ್ನು ಪುಟದ ಕೆಳಭಾಗದಲ್ಲಿ, ಇಸವಿಯನ್ನು ಸ್ಪಷ್ಟವಾಗಿ ನಮೂದಿಸಿ ಉಳಿಸುತ್ತೇನೆ. ನವೆಂಬರ್ 2, ಅಕ್ಟೋಬರ್ 24, ಅಕ್ಟೋಬರ್ 9 ಎಂಬ ಮೂರನ್ನು ಒಟ್ಟಿಗೆ ಕಂಡಾಗಲೇ ದಿನ ಎಷ್ಟು ಸರಿಯುತ್ತದೆ ಎಂಬುದು ದೂರದಿಂದ ಬರುವವರಿಗೆ ಅರ್ಥವಾಗುವುದು. ಆದರೆ ಹಳೆಯ ಟಿಕೆಟ್ ದರ, ಹಳೆಯ ವಾಹನ ನಿಲುಗಡೆಯ ಸೂಚನೆಗಳನ್ನು ತೆಗೆದುಬಿಡುತ್ತೇನೆ, ಏಕೆಂದರೆ ಅವನ್ನು ಯಾರಾದರೂ ಈ ವರ್ಷದ್ದೆಂದು ಓದಿಕೊಳ್ಳುವ ಅಪಾಯವಿದೆ. ದೇವಾಲಯಕ್ಕೆ ತಲುಪುವ ದಾರಿಯಂತಹ ಬದಲಾಗದ ಭಾಗಗಳನ್ನು ಮುಟ್ಟುವುದಿಲ್ಲ. ಪುಟಕ್ಕೆ ಸ್ಥಾನ ತಂದುಕೊಟ್ಟ ಬರಹದಲ್ಲಿ ಅವೂ ಸೇರಿವೆ.

ತಿದ್ದಿ ಒಂದು ವಾರವಾಯಿತು, ಗೂಗಲ್‌ನಲ್ಲಿ ಇನ್ನೂ ಹಳೆಯ ಇಸವಿಯೇ ಕಾಣುತ್ತಿದೆ. ಏನು ಮಾಡಲಿ?

ಗೂಗಲ್ ನಿಮ್ಮ ಪುಟವನ್ನು ಮತ್ತೆ ಬಂದು ಓದಿದೆಯೇ ಎಂದು ಮೊದಲು ನೋಡಿ. ಸರ್ಚ್ ಕನ್ಸೋಲ್‌ನ ಮೇಲಿನ ಪಟ್ಟಿಯಲ್ಲಿ ಪುಟದ ವಿಳಾಸ ಹಾಕಿದರೆ ಕೊನೆಯ ಸಲ ಓದಿದ ದಿನ ಮತ್ತು ಗಂಟೆ ಕಾಣುತ್ತದೆ. ಅದು ನೀವು ತಿದ್ದಿದ್ದಕ್ಕಿಂತ ಹಿಂದಿನದಾಗಿದ್ದರೆ `Request indexing` ಒತ್ತಿ. ದಿನಕ್ಕೆ ಹತ್ತು ಸಲ ಒತ್ತಿದರೂ ವೇಗ ಹೆಚ್ಚುವುದಿಲ್ಲ.

ಓದಿದ ಮೇಲೂ ಹಳೆಯದೇ ಕಾಣುತ್ತಿದ್ದರೆ ಎಲ್ಲೋ ಒಂದು ಕಡೆ ಹಳೆಯ ಇಸವಿ ಉಳಿದಿದೆ ಎಂದೇ ಹೆಚ್ಚಿನ ಸಂದರ್ಭಗಳಲ್ಲಿ ಅರ್ಥ. ಪುಟದ ಮೂಲ ಸಂಕೇತವನ್ನು ತೆರೆದು ಹಳೆಯ ಇಸವಿಯನ್ನು ಹುಡುಕಿ. ತಾಣದ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್‌ನ `<lastmod>` ಕೂಡ ಹೊಸ ದಿನಾಂಕವನ್ನು ತೋರಿಸಬೇಕು. ಆ ದಿನಾಂಕ ಸತತವಾಗಿ ನಿಜವೆಂದು ಕಂಡುಬಂದರೆ ಮಾತ್ರ ಗೂಗಲ್ ಅದನ್ನು ಬಳಸುತ್ತದೆ. ತಾಣದ ಪುಟಗಳೆಲ್ಲಕ್ಕೂ ಪ್ರತಿದಿನ ಅಂದಿನ ದಿನಾಂಕವನ್ನೇ ಬರೆಯುವ ಪ್ಲಗಿನ್ ನಿಮ್ಮಲ್ಲಿದ್ದರೆ ಮೊದಲು ಅದನ್ನು ನಿಲ್ಲಿಸಿ.

ಬದಲಾಯಿಸಿದ ಮೇಲೆ ಓದುಗರು ಕಡಿಮೆಯಾದರು. ನಮ್ಮ ತಪ್ಪಿನಿಂದಲೋ, ಹಬ್ಬ ಮುಗಿದದ್ದರಿಂದಲೋ, ಹೇಗೆ ತಿಳಿಯುವುದು?

ಕಳೆದ ತಿಂಗಳಿಗೆ ಹೋಲಿಸಿದರೆ ತಿಳಿಯುವುದೇ ಇಲ್ಲ, ಏಕೆಂದರೆ ಬಾಗಿಲು ಮುಚ್ಚಿದ ಮೇಲೆ ಹುಡುಕುವವರೇ ಕಡಿಮೆಯಾಗುತ್ತಾರೆ. ಕಳೆದ ವರ್ಷದ ಅದೇ ತಾರೀಖುಗಳಿಗೆ ಹೋಲಿಸಿದರೂ ಈ ವಿಷಯದಲ್ಲಿ ತಪ್ಪು ಲೆಕ್ಕ ಬರುತ್ತದೆ. 2025ರ ಅಕ್ಟೋಬರ್ 9ರಿಂದ 15ರವರೆಗೆ ಬಾಗಿಲು ತೆರೆದಿತ್ತು, 2024ರಲ್ಲಿ ಅದೇ ದಿನಗಳಲ್ಲಿ ಬಾಗಿಲು ತೆರೆಯಲು ಇನ್ನೂ ಒಂದರಿಂದ ಎರಡು ವಾರಗಳಷ್ಟು ಸಮಯವಿತ್ತು. ಆ ಎರಡನ್ನು ಎದುರಿಗಿಟ್ಟರೆ ಪುಟ ಭಾರಿ ಏರಿದಂತೆ ಕಾಣುತ್ತದೆ. ಅಕ್ಟೋಬರ್ 24ರ ನಂತರದ ವಾರವನ್ನು ಎದುರಿಗಿಟ್ಟರೆ ಕುಸಿದಂತೆ ಕಾಣುತ್ತದೆ. ಎರಡೂ ಸತ್ಯವಲ್ಲ.

ಸರಿಯಾದ ಹೋಲಿಕೆ ಬಾಗಿಲು ತೆರೆದ ದಿನದಿಂದ ಎಣಿಸಿದ್ದು. ಸರ್ಚ್ ಕನ್ಸೋಲ್‌ನ ಹೋಲಿಕೆಯ ವಿಭಾಗದಲ್ಲಿ ಒಂದು ಕಡೆ 2025ರ ಅಕ್ಟೋಬರ್ 9ರಿಂದ 15, ಇನ್ನೊಂದು ಕಡೆ 2024ರ ಅಕ್ಟೋಬರ್ 24ರಿಂದ 30 ಎಂದು ಕೈಯಾರೆ ತುಂಬಬೇಕು. ಎರಡೂ ಗುರುವಾರದಿಂದ ಬುಧವಾರದವರೆಗಿನ ಏಳು ದಿನಗಳು. ನಂತರ ಒಟ್ಟು ಕ್ಲಿಕ್‌ಗಳನ್ನು ಬಿಟ್ಟು, ಒಂದೊಂದು ಹುಡುಕುಪದದ ಸರಾಸರಿ ಸ್ಥಾನವನ್ನು ನೋಡಿ. ಸ್ಥಾನ ಹಾಗೇ ಇದ್ದು, ಪುಟ ಕಾಣಿಸಿಕೊಂಡ ಸಲಗಳು ಮಾತ್ರ ಕಡಿಮೆಯಾಗಿದ್ದರೆ ಹುಡುಕಿದವರೇ ಕಡಿಮೆ. ‘ಹಾಸನಾಂಬ ದರ್ಶನ’ ಎಂಬ ಪದಕ್ಕೆ ಸ್ಥಾನ ಉಳಿದು, ‘ಹಾಸನಾಂಬ ಟಿಕೆಟ್’ ಎಂಬುದಕ್ಕೆ ಮಾತ್ರ ಇಳಿದಿದ್ದರೆ, ಪರಿಷ್ಕರಿಸುವಾಗ ಟಿಕೆಟ್ ಭಾಗವನ್ನು ತೆಗೆದುಹಾಕಿದ್ದೀರಾ ಎಂದು ನೋಡಿ. ಎಲ್ಲ ಪದಗಳಿಗೂ ಒಂದೇ ದಿನದಿಂದ ಇಳಿದಿದ್ದರೆ ವಿಳಾಸ, ರೀಡೈರೆಕ್ಟ್, ಅಥವಾ ಪುಟವನ್ನು ಗೂಗಲ್‌ಗೆ ಮುಚ್ಚಿಡುವ `noindex` ಗುರುತನ್ನು ಪರೀಕ್ಷಿಸಿ.

ಸರ್ಚ್ ಕನ್ಸೋಲ್ 16 ತಿಂಗಳ ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಎರಡು ವರ್ಷ ಹಿಂದಿನ ದರ್ಶನದ ವಾರ ಬೇಕೆಂದಾಗ ಅದು ಅಲ್ಲಿರುವುದಿಲ್ಲ. ಆದ್ದರಿಂದ ಬಾಗಿಲು ಮುಚ್ಚಿದ ವಾರ, ಶೀರ್ಷಿಕೆಯಿಂದ ಇಸವಿ ತೆಗೆಯುವ ಮೊದಲು, ಆ ಪುಟದ ಅಂಕಿಗಳನ್ನು ಇಳಿಸಿಕೊಂಡು ‘ಹಾಸನಾಂಬ 2025, ತೆರೆದ ದಿನ ಅಕ್ಟೋಬರ್ 9’ ಎಂದು ಕಡತಕ್ಕೆ ಹೆಸರಿಟ್ಟು ಉಳಿಸುತ್ತೇನೆ.